ಶೋರೂಮಿನವರು ಕೊಡೋ ಫ್ಲೋರಿಂಗ್ ಫೋಟೋ ನೋಡಿ ನೆಲ ಆರಿಸಿ ನಾವು ಕೆಟ್ವಿ, ನೀವು ಹುಷಾರು

ಮನೆ ಕಟ್ಟಿಸ್ತಾ ಇರೋರು, ಹಳೇ ನೆಲ ಕೀಳಿಸಿ ಹೊಸದು ಹಾಕ್ಸೋಣ ಅಂತಿರೋರು ಅಡ್ವಾನ್ಸ್ ಕೊಡೋಕ್ ಮುಂಚೆ ಇದನ್ನ ಓದ್ಬಿಡಿ. ಸ್ವಲ್ಪ ಉದ್ದ ಇದೆ. ಅಂಗಡಿ ಹೆಸರು ಹೇಳಲ್ಲ, ಕೇಳ್ಬೇಡಿ, ಇದೇ ಕೆಲಸ ಮಾಡೋ ಅಂಗಡಿ ಒಂದೇ ಅಲ್ಲ.

ನಮ್ಮದು ಮೈಸೂರಲ್ಲಿ ಪೂರ್ವಕ್ಕೆ ಬಾಗಿಲಿರೋ ಮನೆ. ಹಾಲ್ 13 ಅಡಿ ಅಗಲ 21 ಅಡಿ ಉದ್ದ, ಬಾಗಿಲಿಂದ ಒಳಗೆ ಬಂದ್ರೆ ನೇರ ಎದುರಿಗೆ ಪಶ್ಚಿಮದ ಗೋಡೇಲಿ ಆರಡಿ ಕಿಟಕಿ. ಅದರ ಮೇಲೆ ಮಹಡೀಲಿ 13ಕ್ಕೆ 19ರ ಒಂದು ರೂಮು, ಅಲ್ಲೂ ಪಶ್ಚಿಮಕ್ಕೇ ಬಾಲ್ಕನಿ ಬಾಗಿಲು. ಈ ಕಿಟಕಿ ವಿಷಯ ನೆನಪಿಟ್ಕೊಳಿ, ಎಲ್ಲಾ ಗಲಾಟೆನೂ ಅಲ್ಲಿಂದಾನೇ ಶುರುವಾಗಿದ್ದು.

ಶೋರೂಮಲ್ಲಿ ಹುಡುಗ ಒಬ್ಬ, ತುಂಬಾ ಮರ್ಯಾದೆಯಿಂದಾನೇ ಮಾತಾಡಿಸ್ದ, "ಸರ್, ನಿಮ್ಮ ಹಾಲ್ ಫೋಟೋ ಒಂದು ಕಳ್ಸಿ, ಮೂರು ಥರ ನೆಲ ಹಾಕಿ ತೋರಿಸ್ತೀವಿ" ಅಂದ. ನಾನು ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲಲ್ಲಿ ನಿಂತು ಹಾಲ್ದೊಂದು ಮೇಲಿನ ರೂಮ್ದೊಂದು ಫೋಟೋ ಹೊಡೆದು ಕಳಿಸ್ದೆ. ಮಾರನೇ ದಿನ ದೊಡ್ಡ ಟೀವೀಲಿ ನಮ್ಮನೇನೇ ತೋರಿಸಿದ್ರು, ಒಂದ್ರಲ್ಲಿ ಲ್ಯಾಮಿನೇಟ್ ವುಡ್, ಒಂದ್ರಲ್ಲಿ ಐವರಿ ಬಣ್ಣದ ಪಾಲಿಶ್ ವಿಟ್ರಿಫೈಡ್ ಟೈಲ್, ಇನ್ನೊಂದ್ರಲ್ಲಿ ನಮ್ಮಪ್ಪ ಕೇಳಿದ ಚಾಮರಾಜನಗರದ ಕಪ್ಪು ಗ್ರಾನೈಟ್. ಟೈಲಿನ ಫೋಟೋ ಅರಮನೆ ಥರ, ವುಡ್ಡಿಂದು ರೆಸಾರ್ಟ್ ಥರ, ಗ್ರಾನೈಟಿಂದು ಡಾಂಬರು ರಸ್ತೆ ಥರ. ಅಪ್ಪನ ಬಾಯಿ ಅಲ್ಲಿಗೇ ಮುಚ್ಚೋಯ್ತು. ಕೆಳಗೆ ಟೈಲು, ಮೇಲೆ ವುಡ್ಡು ಅಂತ ಅಲ್ಲೇ ಅಡ್ವಾನ್ಸ್ ಕೊಟ್ವಿ, ಮೂರು ಪ್ರಿಂಟೂ ಕೈಗೆ ಕೊಟ್ರು.

ಮೊದಲು ಮೇಲಿನ ರೂಮಿನ ಕಥೆ. ಹಲಗೆ ಹಾಕೋ ದಿನ ನಾನು ಆಫೀಸಲ್ಲಿದ್ದೆ, ಸಂಜೆ ಬಂದು ನೋಡಿದ್ರೆ ಹಲಗೆಗಳು ರೂಮಿಗೆ ಅಡ್ಡಡ್ಡ ಮಲಗಿವೆ, ಅಂದ್ರೆ ಉತ್ತರ ದಕ್ಷಿಣವಾಗಿ. ಬಾಲ್ಕನಿಯಿಂದ ಸಂಜೆ ಬಿಸಿಲು ನೆಲಾನ ಸವರಿಕೊಂಡು ಒಳಗೆ ಬರುತ್ತೆ, ಪ್ರತಿ ಹಲಗೆ ಅಂಚಲ್ಲೂ ಸಣ್ಣ ವಿ ಆಕಾರದ ಗೀರು ಇರುತ್ತಲ್ಲ, ಬೆಳಕು ಅದಕ್ಕೆ ಅಡ್ಡ ಬಿದ್ದಾಗ ಒಂದೊಂದು ಗೀರೂ ಒಂದೊಂದು ನೆರಳಿನ ಗೆರೆ ಆಗುತ್ತೆ. ಹಲಗೆ ಅಗಲ ಏಳೂವರೆ ಇಂಚು, ರೂಮು 19 ಅಡಿ, ಲೆಕ್ಕ ಹಾಕಿ, ಬಾಗಿಲಿಂದ ಬಾಲ್ಕನಿ ತನಕ 30 ಅಡ್ಡಗೆರೆ. ಏಣಿ ಮಲಗಿಸಿದ ಹಾಗೆ ಕಾಣ್ತಿತ್ತು, ರೂಮೂ ಗಿಡ್ಡ ಆಗೋಗಿತ್ತು. ಹಲಗೆನ ಬೆಳಕು ಬರೋ ದಿಕ್ಕಿಗೆ ಉದ್ದಕ್ಕೆ ಹಾಕಿದ್ರೆ ಬೆಳಕು ಗೀರಿನ ಜೊತೆಗೇ ಹರ್ಕೊಂಡು ಹೋಗುತ್ತೆ, ಉದ್ದನೇ ಗೆರೆಗಳು ಅಷ್ಟು ಎದ್ದು ಕಾಣಲ್ಲ. ರೂಮಿನ ಉದ್ದ ಒಂದು ಕಡೆ ಬೆಳಕು ಇನ್ನೊಂದು ಕಡೆ ಇದ್ರೆ ಯಾವುದನ್ನ ಹಿಡೀಬೇಕು ಅನ್ನೋ ತಲೆನೋವು ಇರುತ್ತೆ, ನಮ್ಮ ರೂಮಲ್ಲಿ ಅದೂ ಇರ್ಲಿಲ್ಲ, ಎರಡೂ ಒಂದೇ ದಿಕ್ಕು.

ಜಗಳಕ್ಕೆ ಹೋದೆ. ಹಾಕಿದವನು "ನಿಮ್ಮ ಫೋಟೋದಲ್ಲಿ ಹಿಂಗೇ ಇದೆಯಲ್ಲ ಸಾರ್, ಅಡ್ಡ" ಅಂದ. ನಾನು "ಎಲ್ಲಿ ಅಡ್ಡ, ಉದ್ದಕ್ಕಿದೆ ನೋಡಪ್ಪ" ಅಂದೆ. ಇಬ್ರೂ ಪ್ರಿಂಟನ್ನ ನೆಲದ ಮೇಲಿಟ್ಟು ಕೂತ್ವಿ. ನೋಡಿದ್ರೆ ಇಬ್ರದ್ದೂ ಸರಿ, ಇಬ್ರದ್ದೂ ತಪ್ಪು. ಫೋಟೋದಲ್ಲಿ ಹಲಗೆಗಳು ಉದ್ದಕ್ಕೂ ಇಲ್ಲ ಅಡ್ಡಕ್ಕೂ ಇಲ್ಲ, ಓರೆಯಾಗಿ ಬಲಗಡೆ ಗೋಡೆ ಒಳಗೆ ಎಲ್ಲೋ ಹೋಗ್ತಿದ್ವು! ಸೋಫಾ, ಪರದೆ, ಗೋಡೆ ಎಲ್ಲಾ ಚೆನ್ನಾಗಿ ಕಂಡಾಗ ಯಾರು ನೆಲದ ಗೆರೆ ಹಿಂದೆ ಹೋಗ್ತಾರೆ ಹೇಳಿ.

ಇಂಟೀರಿಯರ್ ಡ್ರಾಯಿಂಗ್ ಮಾಡೋ ನನ್ನ ಷಡ್ಕ ಬಂದ್ಮೇಲೆ ಇದನ್ನ ಹೇಗೆ ನೋಡ್ಬೇಕು ಅಂತ ತೋರಿಸ್ಕೊಟ್ಟ. ಪ್ರಿಂಟ್ ತಗೊಂಡು ಎಡಗಡೆ ಗೋಡೆ ಬುಡದ ಸ್ಕರ್ಟಿಂಗ್ ಗೆರೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಲ್ಲಿ ದೂರಕ್ಕೆ ಎಳೀರಿ, ಬಲಗಡೆದೂ ಹಂಗೇ ಎಳೀರಿ. ಎರಡೂ ಒಂದು ಚುಕ್ಕೀಲಿ ಸೇರ್ತವೆ, ರೈಲು ಹಳಿ ದೂರದಲ್ಲಿ ಸೇರಿದ ಹಾಗೆ. ಹಲಗೆ ನಿಜವಾಗ್ಲೂ ರೂಮಿನ ಉದ್ದಕ್ಕೆ ಇದ್ರೆ ಪ್ರತಿ ಹಲಗೆಯ ಗೆರೇನೂ ಅದೇ ಚುಕ್ಕಿಗೆ ಹೋಗ್ಬೇಕು. ಅಡ್ಡಕ್ಕೆ ಇದ್ರೆ, ಫೋಟೋ ನೇರಕ್ಕೆ ನಿಂತು ತೆಗೆದಿದ್ದಾದ್ರೆ, ಎದುರು ಗೋಡೆಯ ಬುಡದ ಗೆರೆಗೆ ಸಮವಾಗಿ ಇರ್ಬೇಕು, ದೂರ ಹೋದಂಗೆ ಹತ್ರ ಹತ್ರ ಆಗ್ತಾ ಹೋಗ್ಬೇಕು. ಎರಡೂ ಅಲ್ಲ, ಮೂಲೆಯಿಂದ ಮೂಲೆಗೆ ಹಾಕ್ತೀವಿ ಅಂತಾನೂ ಯಾರೂ ಹೇಳಿಲ್ಲ ಅಂದ್ರೆ ಯಾರೋ ಮರದ ಚಿತ್ರಾನ ತಂದು ನಿಮ್ಮ ನೆಲಕ್ಕೆ ಅಂಟಿಸಿ ಕೈ ತೊಳ್ಕೊಂಡಿದಾರೆ ಅಂತ.

ಅಗಲದ್ದೂ ಹಂಗೇ. ನಮ್ಮ ಬಾಲ್ಕನಿ ಬಾಗಿಲು ಮೂರಡಿ, ಅಂದ್ರೆ 36 ಇಂಚು, ಉದ್ದಕ್ಕೆ ಹಾಕಿದ್ರೆ ಅದರ ಮುಂದೆ ಏಳೂವರೆ ಇಂಚಿನ ಹಲಗೆ ಐದಕ್ಕೆ ಸ್ವಲ್ಪ ಕಮ್ಮಿ ಬರ್ಬೇಕು. ಫೋಟೋದಲ್ಲಿ ಆ ಬಾಗಿಲ ಮುಂದೆ ಇದ್ದಿದ್ದು ಬರೀ ಮೂರು! ಅಂದ್ರೆ ಒಂದಡಿ ಅಗಲದ ಹಲಗೆ ತೋರಿಸಿದ್ರು, ಅದಕ್ಕೇ ಅಷ್ಟು ರಾಯಲ್ ಆಗಿ ಕಂಡಿದ್ದು. ಉದ್ದನೂ ಸುಳ್ಳು. ಬಾಕ್ಸಲ್ಲಿ ಬಂದಿದ್ದು ನಾಲ್ಕಡಿ ಹಲಗೆ, ಅದು ನಾಲ್ಕಡಿಗೊಂದು ಕಡೆ ಮುಗಿದು ಇನ್ನೊಂದು ಶುರುವಾಗ್ಲೇಬೇಕು, ಫೋಟೋದಲ್ಲಿ ಒಂದೇ ಹಲಗೆ ಗೋಡೆಯಿಂದ ಗೋಡೆಗೆ.

ಈಗ ಕೆಳಗಿನ ಹಾಲು. ಇದು ಇನ್ನೂ ಹೊಟ್ಟೆ ಉರಿಸಿದ್ದು, ಯಾಕಂದ್ರೆ ಇದನ್ನ ಕೀಳೋಕೂ ಆಗಲ್ಲ.

ಟೈಲು ಹಾಕಿ ಮುಗಿದು ಸಾಮಾನು ತಂದಿಟ್ಟ ಮೊದಲ ಸಂಜೆ, ನಾಲ್ಕೂವರೆ ಇರ್ಬಹುದು, ಬಾಗಿಲು ತೆಗೆದ್ರೆ ಕಿಟಕಿಯಿಂದ ಹಾಲ್ ಮಧ್ಯದ ತನಕ ನೆಲದ ಮೇಲೆ ಬಿಳೀ ಬೆಂಕಿ ಹಚ್ಚಿದಂಗೆ. ಕಣ್ಣು ಬಿಡೋಕಾಗಲ್ಲ. ಆ ಬೆಳಕೂ ನೆಟ್ಟಗಿಲ್ಲ, ಟೈಲಿಂದ ಟೈಲಿಗೆ ಕಿಟಕಿ ಸರಳಿನ ಪ್ರತಿಬಿಂಬ ತುಂಡು ತುಂಡು, ಒಡೆದ ಕನ್ನಡೀಲಿ ಮುಖ ನೋಡಿದಂಗೆ. ನಮ್ಮಮ್ಮ "ನೆಲ ಒದ್ದೆ ಇದೆಯೇನೋ" ಅಂತ ಚಪ್ಪಲಿ ಬಿಟ್ಟು ಮೆಲ್ಲಗೆ ಕಾಲಿಟ್ರು.

ಫೋಟೋದಲ್ಲಿ ಇದು ಯಾಕೆ ಕಾಣ್ಲಿಲ್ಲ? ಮತ್ತೆ ಪ್ರಿಂಟ್ ತೆಗೆದು ನೋಡಿದ್ರೆ ನೆಲದಲ್ಲಿ ಆರು ದುಂಡನೇ ಲೈಟಿನ ಹೊಳಪು. ನಮ್ಮನೇಲಿ ಫಾಲ್ಸ್ ಸೀಲಿಂಗೇ ಇಲ್ಲ, ಇರೋದು ಎರಡು ಟ್ಯೂಬ್‌ಲೈಟು. ಸೂರಲ್ಲಿ ಇಲ್ದೇ ಇರೋ ಲೈಟು ನೆಲದಲ್ಲಿ ಹೊಳೀತಿದೆ, ಎದುರಿಗಿರೋ ಆರಡಿ ಕಿಟಕಿ ಮಾತ್ರ ನೆಲದಲ್ಲಿ ಇಲ್ವೇ ಇಲ್ಲ. ಟೀಪಾಯಿ ಪ್ರತಿಬಿಂಬ ಅಂತೂ ನಗು ಬರುತ್ತೆ, ಫೋಟೋದಲ್ಲಿದ್ದ ಟೀಪಾಯಿನೇ ತಲೆಕೆಳಗೆ ಮಾಡಿ ಮೆತ್ತಿದಾರೆ, ಅದರ ಮೇಲಿನ ಹಲಗೆ, ಹಲಗೆ ಮೇಲಿನ ಪೇಪರ್ ಎಲ್ಲಾ ನೆಲದೊಳಗೆ ಕಾಣುತ್ತೆ. ನಿಜವಾದ ನೆಲದಲ್ಲಿ ಕಾಣೋದು ಟೀಪಾಯಿಯ ಹೊಟ್ಟೆ, ಅಂದ್ರೆ ಅಡಿಭಾಗ, ಯಾಕಂದ್ರೆ ನೆಲ ಕೆಳಗಿಂದ ತಾನೇ ನೋಡೋದು.

ಇನ್ನೊಂದು ವಿಷಯ ಷಡ್ಕ ಹೇಳಿದ್ಮೇಲೆ ನಾನೇ ನಿಂತು ನೋಡಿ ಖಾತ್ರಿ ಮಾಡ್ಕೊಂಡೆ. ಪಾಲಿಶ್ ನೆಲ ಎಲ್ಲಾ ಕಡೆ ಒಂದೇ ಥರ ಹೊಳೆಯಲ್ಲ. ನಿಮ್ಮ ಕಾಲಬುಡದಲ್ಲಿ ನೇರ ಕೆಳಗೆ ನೋಡಿದ್ರೆ ಬಿದ್ದ ಬೆಳಕಲ್ಲಿ ಸುಮಾರು 100ಕ್ಕೆ 4 ಭಾಗ ಮಾತ್ರ ಕನ್ನಡಿ ಥರ ವಾಪಸ್ ಬರುತ್ತೆ, ಅದೇ ನಿಂತಲ್ಲಿಂದ 20 ಅಡಿ ದೂರದ ನೆಲ ನೋಡಿದ್ರೆ ನೋಟ ಓರೆಯಾಗಿ ಕಾಲು ಭಾಗಕ್ಕಿಂತ ಜಾಸ್ತಿ ವಾಪಸ್ ಬರುತ್ತೆ. ಕೆರೆ ನೀರು ಕಾಲಬುಡದಲ್ಲಿ ತಳ ಕಾಣಿಸಿ ದೂರದಲ್ಲಿ ಆಕಾಶ ಕಾಣಿಸಲ್ವಾ, ಹಂಗೇ. ಆ ಫೋಟೋದಲ್ಲಿ ಹತ್ರಾನೂ ದೂರಾನೂ ಒಂದೇ ಮಟ್ಟದ ಹೊಳಪು. ನಮ್ಮ ಹಾಲಲ್ಲಿ ದೂರದ ನೆಲದ ಹಿಂದೇನೇ ಪಶ್ಚಿಮದ ಕಿಟಕಿ, ಹೊಳಪು ಅಲ್ಲೇ ಬಂದು ಕೂರೋದು.

ತುಂಡು ತುಂಡಾಗಿದ್ದು ಯಾಕೆ ಅಂತ ಮೇಸ್ತ್ರೀನ ಕೇಳಿದ್ವಿ, ರಸಮಟ್ಟ ಇಟ್ಟು ತೋರ್ಸಿದ, ಎಲ್ಲಾ ಸರಿ ಇದೆ ಅಂದ. ಟೈಲು 800ಕ್ಕೆ 1600 ಮಿಲಿಮೀಟರ್, ಇಷ್ಟುದ್ದದ ಟೈಲು ಸುಟ್ಟು ಬರುವಾಗ ಮಧ್ಯ ಒಂದು ಕೂದಲೆಳೆ ಉಬ್ಬಿರೋದು ಮಾಮೂಲಿ. ಆದ್ರೆ ನಮ್ಮಲ್ಲಿ ಇಟ್ಟಿಗೆ ಕಟ್ಟಿದ ಹಾಗೆ ಅರ್ಧಕ್ಕರ್ಧ ಸರಿಸಿ ಹಾಕಿದಾರೆ, ಅಲ್ಲಿ ಒಂದು ಟೈಲಿನ ಉಬ್ಬಿದ ಮಧ್ಯ ಪಕ್ಕದ ಟೈಲಿನ ತಗ್ಗಿದ ತುದಿ ಪಕ್ಕಕ್ಕೇ ಬರುತ್ತೆ. ದೊಡ್ಡ ಟೈಲನ್ನ ಸರಿಸ್ಲೇಬೇಕು ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸರಿಸ್ಬಾರ್ದು, ಇಲ್ಲಾಂದ್ರೆ ನೇರಕ್ಕೆ ಜೋಡಿಸ್ಬೇಕು. ಕಾಲಿಗೆ ಗೊತ್ತಾಗದ ಆ ಏರುಪೇರು ಪಾಲಿಶ್ ನೆಲದ ಪ್ರತಿಬಿಂಬದಲ್ಲಿ ಊರಿಗೆಲ್ಲಾ ಗೊತ್ತಾಗುತ್ತೆ. ಯಾಕಪ್ಪಾ ಅರ್ಧಕ್ಕೆ ಹಾಕ್ದೆ ಅಂದ್ರೆ ಮತ್ತೆ ಅದೇ ಉತ್ತರ, ಫೋಟೋದಲ್ಲಿ ಹಂಗೇ ಇತ್ತು. ಈ ಸಲ ಅವನ ಮಾತು ನಿಜಾನೇ ಆಗಿತ್ತು, ಫೋಟೋದಲ್ಲಿ ಹಂಗೇ ಇತ್ತು, ಎರಡು ಟೈಲಿನ ಮಧ್ಯದ ಗೆರೆ ದಾಟಿದ್ರೂ ಪ್ರತಿಬಿಂಬ ಒಂದು ಚೂರೂ ಮುರಿದಿರ್ಲಿಲ್ಲ. ಸಿಮೆಂಟು ತುಂಬಿದ ಸಂದಿ ಹೊಳೆಯಲ್ಲ, ಅಲ್ಲಿ ಪ್ರತಿಬಿಂಬ ಒಂದು ಎಳೆಯಷ್ಟಾದ್ರೂ ಕಡಿದು ಹೋಗ್ಬೇಕಿತ್ತು.

ಅಪ್ಪನ ಕಪ್ಪು ಗ್ರಾನೈಟಿಗಂತೂ ಮೋಸಾನೇ ಆಯ್ತು. ಪಾಲಿಶ್ ಮಾಡಿದ ಕಪ್ಪು ಕಲ್ಲು ಮೂರರಲ್ಲೂ ಜಾಸ್ತಿ ಕನ್ನಡಿ ಥರ ಕಾಣೋದು, ಕಲ್ಲಿನ ಸ್ವಂತ ಬಣ್ಣ ಕಪ್ಪಾಗಿರೋದ್ರಿಂದ ಮೇಲೆ ಬಿದ್ದ ಬಿಂಬ ಎದ್ದು ಕಾಣುತ್ತೆ. ಇವರು ಟೈಲಿಗೆ ಹೊಳಪು ಹಾಕಿ, ಮರಕ್ಕೆ ಬಿಸಿಲು ಹಾಕಿ, ಕಲ್ಲಿಗೆ ಏನೂ ಹಾಕದೆ ಮಸಿ ಬಳಿದಂಗೆ ಬಿಟ್ಟಿದ್ರು. ಮೂರನ್ನೂ ಒಂದೇ ಬೆಳಕಲ್ಲಿ ತೋರಿಸ್ದೇ ಇದ್ರೆ ಅದು ಹೋಲಿಕೆ ಹೆಂಗಾಗುತ್ತೆ? ಹಂಗಂತ ಕಪ್ಪು ಗ್ರಾನೈಟ್ ಹಾಕ್ಸಿದ್ರೆ ನಮ್ಮ ಕಿಟಕಿಗೆ ಒಳ್ಳೇದಾಗ್ತಿತ್ತು ಅಂತಲ್ಲ, ಧೂಳಿನ ಹೆಜ್ಜೆ ಅದ್ರಲ್ಲಿ ಇನ್ನೂ ಕಾಣುತ್ತೆ, ಅಪ್ಪನಿಗೆ ಇದನ್ನ ಹೇಳಿಲ್ಲ.

ಅಂಗಡಿಗೆ ಹೋದಾಗ ಆ ಹುಡುಗ ಪ್ರಿಂಟಿನ ಕೆಳಗೆ ಇರುವೆ ಸಾಲಿನಂಥ ಅಕ್ಷರ ತೋರಿಸ್ದ, ಚಿತ್ರ ಕೇವಲ ಸೂಚಕ ಅಂತ.

ಹಾಗಾಗಿ ಫೋಟೋ ಕೊಟ್ರೆ ತಗೊಳಿ, ಆದ್ರೆ ಅದ್ರ ಮೇಲೆ ಸ್ಕೇಲ್ ಇಡಿ, ಬಾಗಿಲ ಮುಂದೆ ಹಲಗೆ ಎಣಿಸಿ, ನಿಮ್ಮ ಕಿಟಕಿ ನೆಲದಲ್ಲಿ ಇದೆಯಾ ಹುಡುಕಿ. ಆಮೇಲೆ ಸ್ಯಾಂಪಲ್ ಎರಡೆರಡು ಪೀಸ್ ಮನೆಗೆ ತನ್ನಿ. ಅಂಗಡೀಲಿ ಅದನ್ನ ನಿಲ್ಲಿಸಿ ತೋರಿಸ್ತಾರೆ, ನೀವು ಕೈಯಲ್ಲಿ ಹಿಡಿದು ಮೇಲಿಂದ ನೋಡ್ತೀರ, ಅದು ಹೊಳಪು ಕಮ್ಮಿ ಕಾಣೋ ಕೋನ. ಮನೇಲಿ ಕಿಟಕಿ ಹತ್ರ ನೆಲದ ಮೇಲೆ ಮಲಗಿಸಿ, ಬಿಸಿಲು ಬರೋ ಹೊತ್ತಲ್ಲಿ ಬಾಗಿಲಿಗೆ ಹೋಗಿ ನಿಂತು ನೋಡಿ, ಸೋಫಾ ಇಡೋ ಜಾಗದಲ್ಲಿ ಕೂತೂ ನೋಡಿ. ಹಲಗೆ ದಿಕ್ಕನ್ನ ಫೋಟೋಗೆ ಬಿಡಬೇಡಿ, ಕೊಟೇಶನ್ನಲ್ಲಿ ಬಾಲ್ಕನಿ ಕಡೆಗೆ ಅಂತ ಬರೆಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಣ ಹಾಕಿ.

ಮೇಲಿನ ರೂಮಿನ ಹಲಗೆ ಲಾಕ್ ಥರದ್ದಾಗಿದ್ರಿಂದ ಬಿಚ್ಚಿ ಉದ್ದಕ್ಕೆ ತಿರುಗಿಸಿ ಹಾಕಿಸ್ದೆ, ಕೆಲವು ಹಲಗೆ ಲಾಕ್ ಮುರಿದು ಎರಡು ಬಾಕ್ಸ್ ಹೊಸದು ಬೇಕಾಯ್ತು, ಬಣ್ಣ ಒಂದು ಚೂರು ಬೇರೆ ಬಂತು, ಅದನ್ನ ಬೀರು ಕೆಳಗೆ ಸೇರಿಸಿದೀವಿ. ಕೆಳಗಡೆ ಹಾಲಲ್ಲಿ ಕಿಟಕಿಗೆ ತೆಳು ಪರದೆ ಹಾಕಿ, ಟೈಲಿನ ಮೇಲೊಂದು ನವಲಗುಂದದ ಜಮಖಾನ ಹಾಸಿದೀವಿ. ಅಪ್ಪ ದಿನಾ ನಾಲ್ಕಕ್ಕೆ ಎದ್ದು ಪರದೆ ಎಳೀತಾರೆ, ಮಾತಾಡಲ್ಲ, ನನ್ನ ಮುಖ ಮಾತ್ರ ಒಂದ್ಸಲ ನೋಡ್ತಾರೆ.