ದೀರ್ಘವೋ ಹ್ರಸ್ವವೋ: ಪದಬಂಧದ ಆಪ್ ಬಹುಕಾಲ ಬಳಸಿದವರ ಅಭಿಪ್ರಾಯ

ನಕ್ಷತ್ರ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಸುಳಿವುಗಳು ಚೆನ್ನಾಗಿವೆ, ಜಾಹೀರಾತಿನ ಕಾಟ ಕಡಿಮೆ, ನೆಟ್‌ವರ್ಕ್ ಇಲ್ಲದ ತೋಟದಲ್ಲಿಯೂ ಆ ದಿನದ ಪದಬಂಧ ತೆರೆದುಕೊಳ್ಳುತ್ತದೆ. ಒಂದು ನಕ್ಷತ್ರ ಕಳೆದದ್ದು ಹ್ರಸ್ವ ದೀರ್ಘಗಳ ವಿಷಯಕ್ಕೆ. ಹೊಸದಾಗಿ ಆಡುವವರು ಬೇಸತ್ತು ಬಿಡುವುದೂ ಅಲ್ಲಿಯೇ ಆದ್ದರಿಂದ ಈ ವಿಮರ್ಶೆಯನ್ನು ಅದಕ್ಕೇ ಮೀಸಲಿಡುತ್ತೇನೆ.

ಈ ಆಪ್‌ನಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಕಾಗುಣಿತ, ಒತ್ತು ಎಲ್ಲವೂ ಅದರೊಳಗೇ ಸೇರುತ್ತವೆ. ‘ಧು’ ಬರೆಯುವಲ್ಲಿ ‘ಧೂ’ ಬರೆದರೆ ಚೌಕ ಪೂರ್ತಿ ತಪ್ಪು. ವ್ಯಂಜನ ಸರಿ, ಸ್ವರ ಮಾತ್ರ ತಪ್ಪು ಎಂದು ತೋರಿಸುವ ಅರೆಬಣ್ಣ ಇಲ್ಲ. ‘ಪರಿಶೀಲಿಸು’ ಒತ್ತಿದರೆ ತಪ್ಪಾದ ಚೌಕ ಕೆಂಪಾಗುತ್ತದೆ, ಆದರೆ ಪ್ರತಿ ಸಲ ಅಂಕ ಕಡಿತವಾಗುತ್ತದೆ. ಹಾಗಾಗಿ ಗುಂಡಿ ಒತ್ತದೆಯೇ ಪದಬಂಧ ಯಾವ ರೂಪವನ್ನು ಒಪ್ಪುತ್ತದೆಂದು ತಿಳಿದುಕೊಳ್ಳುವುದೇ ಜಾಣತನ. ಅದಕ್ಕೆ ದಾರಿ ಅಡ್ಡ ಹಾಯುವ ಪದ.

ಒಂದು ಉದಾಹರಣೆ ನೋಡಿ. ಎಡದಿಂದ ಬಲಕ್ಕೆ ‘ಮದುಮಗಳು, ಮದುಮಗ’ ಎಂಬ ಸುಳಿವು, ನಾಲ್ಕು ಚೌಕ. ಉತ್ತರ ವಧುವರ ಎನ್ನಬೇಕೇ, ವಧೂವರ ಎನ್ನಬೇಕೇ? ಮದುವೆಯ ಕರೆಯೋಲೆಗಳಲ್ಲಿ ಎರಡೂ ಕಾಣಿಸುತ್ತವೆ. ಎರಡನೆಯ ಚೌಕದಿಂದ ಕೆಳಕ್ಕೆ ‘ಬಾಲವಿರುವ ಆಕಾಶಕಾಯ’ ಎಂದಿದೆ, ಅದಕ್ಕೂ ನಾಲ್ಕು ಚೌಕ. ಅದು ಧೂಮಕೇತು, ಧೂಮ ಎಂಬಲ್ಲಿ ದೀರ್ಘವೇ ಆಗಬೇಕು, ಸಂಶಯವಿಲ್ಲ. ಅಲ್ಲಿಗೆ ವಧೂವರ ಖಚಿತವಾಯಿತು. ಇನ್ನೂ ಕೆಳಗೆ ಬನ್ನಿ. ಧೂಮಕೇತುವಿನ ಮೂರನೆಯ ಚೌಕದಿಂದ ಬಲಕ್ಕೆ ‘ಇಲಿ ಹಿಡಿಯುವ ಹಾವು’, ಎರಡು ಚೌಕ. ಕೇರೆ. ಆ ಚೌಕದಲ್ಲಿ ‘ಕೆ’ ಇದ್ದರೆ ಹಾವು ಹೋಗಿ ನೀರು ತುಂಬಿದ ಕೆರೆಯಾಗುತ್ತದೆ, ಸುಳಿವಿಗೆ ಹೊಂದುವುದಿಲ್ಲ. ಒಂದು ಪದದ ಅನುಮಾನವನ್ನು ಇನ್ನೊಂದು ಪದದ ಅರ್ಥ ಪರಿಹರಿಸುತ್ತದೆ. ಅನುಮಾನದ ಚೌಕವನ್ನು ಖಾಲಿ ಬಿಟ್ಟು ಅಡ್ಡ ಪದವನ್ನು ಮೊದಲು ತುಂಬಿಸಿದರೆ ಕೆಲಸ ಹಗುರ.

ಅಡ್ಡ ಪದವೂ ತಿಳಿಯದಿದ್ದರೆ ಪದದ ಹುಟ್ಟನ್ನು ನೋಡಬೇಕು. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ಆದ್ದರಿಂದ ಸಂಸ್ಕೃತದಿಂದ ಬಂದ ಪದದ ಮೊದಲಲ್ಲೋ ನಡುವೆಯೋ ಆ ಸ್ವರ ಬಂದರೆ ದೀರ್ಘವನ್ನೇ ಬರೆಯಿರಿ: ಯೋಜನೆ, ಪ್ರೇಕ್ಷಕ, ಸಂತೋಷ, ಕ್ಷೇತ್ರ. ಕೊನೆಯ ಅಕ್ಷರ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಲತಾ ಎಂಬುದು ಕನ್ನಡಕ್ಕೆ ಬಂದು ಲತೆ ಆಗುತ್ತದೆ, ಶಾಲಾ ಶಾಲೆ ಆಗುತ್ತದೆ. ಆ ಎಕಾರ ನಮ್ಮದು, ಹ್ರಸ್ವ. ಅಚ್ಚಗನ್ನಡ ಪದಗಳಿಗೆ ಇಂತಹ ಸೂತ್ರ ನಡೆಯುವುದಿಲ್ಲ. ಬೆಳೆ ಬೇರೆ, ಬೇಳೆ ಬೇರೆ. ಮೊರೆ ಬೇರೆ, ಮೋರೆ ಬೇರೆ. ಅಲ್ಲಿ ಸುಳಿವೇ ಗತಿ.

ವಧೂವರದ ದೀರ್ಘಕ್ಕೂ ಕಾರಣವಿದೆ. ಸಂಸ್ಕೃತದ ನದೀ, ಲಕ್ಷ್ಮೀ, ವಧೂ ಎಂಬಂತಹ ಪದಗಳು ಕನ್ನಡದಲ್ಲಿ ಒಂಟಿಯಾಗಿ ನಿಂತಾಗ ಕೊನೆಯ ಸ್ವರವನ್ನು ಕುಗ್ಗಿಸಿಕೊಂಡು ನದಿ, ಲಕ್ಷ್ಮಿ, ವಧು ಆಗುತ್ತವೆ. ಸಂಸ್ಕೃತ ಸಮಾಸದ ಒಳಗೆ ಹಳೆಯ ದೀರ್ಘ ಹಾಗೆಯೇ ಉಳಿಯುತ್ತದೆ: ನದೀತೀರ, ಲಕ್ಷ್ಮೀಪತಿ, ವಧೂವರ. ಈ ಆಪ್‌ನ ಪದಬಂಧಕಾರರು ಇದನ್ನು ಬಹುಮಟ್ಟಿಗೆ ಪಾಲಿಸುತ್ತಾರೆ. ಪತ್ರಿಕೆಗಳಲ್ಲಿ ‘ನದಿತೀರ’ ಧಾರಾಳವಾಗಿ ಅಚ್ಚಾಗುತ್ತದೆ ನಿಜ, ಇಲ್ಲಿ ಅದು ಕೆಂಪಾಗುತ್ತದೆ. ಇದಕ್ಕಾಗಿ ಅವರನ್ನು ದೂರುವುದಿಲ್ಲ. ಆದರೆ ಪ್ರತಿಕಾರ, ಪ್ರತೀಕಾರದಂತಹ ಪದದಲ್ಲಿ ಸಂಸ್ಕೃತವೇ ಎರಡನ್ನೂ ಒಪ್ಪಿದೆ. ಅಲ್ಲಿ ಒಂದನ್ನೇ ಹಿಡಿದು ಕೂರುವುದು ಹಟ. ಎರಡನೆಯ ಚೌಕದಿಂದ ಕೆಳಕ್ಕೆ ‘ದಡ’ ಎಂಬ ಸುಳಿವಿದ್ದು ‘ತೀರ’ ಬಂದರೆ ಮಾತ್ರ ನ್ಯಾಯ.

ನಿಜವಾದ ತಕರಾರು ಇಂಗ್ಲಿಷಿನಿಂದ ಬಂದ ಪದಗಳದ್ದು. ಕಾಸರಗೋಡು ಪೇಟೆಯಲ್ಲಿ ನಡೆದರೆ ಹೋಟೆಲ್, ಹೊಟೇಲ್, ಹೋಟೇಲ್ ಎಂಬ ಫಲಕಗಳು ಸಿಗುತ್ತವೆ. ಪೊಲೀಸ್, ಪೋಲೀಸ್ ಎಂಬ ಗೊಂದಲ ಮಲಯಾಳದ ಬರವಣಿಗೆಯಲ್ಲಿಯೂ ಇದೆ, ಆದ್ದರಿಂದ ಎರಡೂ ಲಿಪಿ ಓದುವ ನಮಗೆ ಆ ಕಡೆಯಿಂದಲೂ ನೆರವಿಲ್ಲ. ಇಂಗ್ಲಿಷ್ ಫಲಕ ನೋಡೋಣವೆಂದರೆ Perla ಎಂಬ ಊರಿನ ಹೆಸರಿನಲ್ಲಿ ಪೆ ಇದೆಯೋ ಪೇ ಇದೆಯೋ ಯಾರಿಗೆ ತಿಳಿಯುತ್ತದೆ? ಪೆರ್ಲಕ್ಕೆ ಬಸ್ ಹತ್ತುವವರಿಗೆ ಮಾತ್ರ ತಿಳಿಯುತ್ತದೆ. ಇಂತಹ ಪದವನ್ನು ಅಡ್ಡ ಪದವೇ ಹಾಯದ ಒಂಟಿ ಚೌಕದಲ್ಲಿ ಇಟ್ಟರೆ ಆಡುವವರು ಊಹಿಸಬೇಕು, ಅಂಕ ಕಳೆದುಕೊಳ್ಳಬೇಕು. ಪದಬಂಧಕಾರರು ಒಂದೋ ಅಂತಹ ಚೌಕಕ್ಕೆ ಅಡ್ಡ ಪದ ಕೊಡಲಿ, ಇಲ್ಲವೇ ರೂಢಿಯಲ್ಲಿರುವ ರೂಪಗಳನ್ನೆಲ್ಲ ಒಪ್ಪಿಕೊಳ್ಳಲಿ. ಆಪ್‌ನೊಳಗಿನ ದೂರಿನ ಪೆಟ್ಟಿಗೆಗೆ ಇದನ್ನು ಬರೆದ ಮೇಲೆ ‘ಹೋಟೆಲ್’ಗೆ ಎರಡು ರೂಪ ನಡೆಯುವಂತಾಯಿತು, ‘ಪೊಲೀಸ್’ಗೆ ಇನ್ನೂ ಇಲ್ಲ.

ಇನ್ನೊಂದು ತೊಡಕು ಕಾಗುಣಿತದ್ದೇ ಅಲ್ಲ, ಆದರೆ ಹಾಗೆ ಕಾಣುತ್ತದೆ. ಅಳಿಯ ಒಮ್ಮೆ ಮೊಬೈಲ್ ಹಿಡಿದುಕೊಂಡು ಬಂದು, “ಮಾವ, ಕೋಗಿಲೆ ಎಂದೇ ಬರೆದಿದ್ದೇನೆ, ಮತ್ತೇಕೆ ಮೊದಲ ಚೌಕ ಕೆಂಪು?” ಎಂದು ಕೇಳಿದ. ಕಣ್ಣಿಗೆ ‘ಕೋ’ ಸರಿಯಾಗಿಯೇ ಇತ್ತು. ಅವನು ಆ ಪದವನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ್ದ. ಅಕ್ಷರಗಳಿಗೆ ಕಂಪ್ಯೂಟರ್, ಮೊಬೈಲ್‌ಗಳು ಬಳಸುವ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ, ಅಂದರೆ U+0CCB ಎಂದು ಬರೆಯಬಹುದು. ಹ್ರಸ್ವ ಒಕಾರದ U+0CCA ಬರೆದು ಅದರ ಪಕ್ಕಕ್ಕೆ ದೀರ್ಘದ ಚಿಹ್ನೆ U+0CD5 ಸೇರಿಸಿಯೂ ಬರೆಯಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಆಪ್ ಮಾಡಿದವರ ಕೆಲಸ, ಅದನ್ನು ಇಲ್ಲಿ ಮಾಡಿಲ್ಲ.

ಪತ್ತೆ ಹಚ್ಚುವುದು ಸುಲಭ. ಕೆಂಪಾದ ಚೌಕದಲ್ಲಿ ಅಳಿಸುವ ಕೀಲಿಯನ್ನು ಒಂದೇ ಸಲ ಒತ್ತಿ. ‘ಕೋ’ ಹೋಗಿ ‘ಕ’ ಉಳಿದರೆ ಸಂಕೇತ ಒಂದೇ, ನಿಮ್ಮ ಉತ್ತರವನ್ನೇ ಮತ್ತೆ ಯೋಚಿಸಬೇಕು. ‘ಕೊ’ ಉಳಿದರೆ ದೀರ್ಘ ಬಿಡಿಯಾಗಿ ಅಂಟಿಕೊಂಡಿತ್ತೆಂದು ಅರ್ಥ. ಎಲ್ಲ ಅಳಿಸಿ ಮೊಬೈಲಿನ ಕೀಲಿಮಣೆಯಲ್ಲಿ ಹೊಸದಾಗಿ ಬರೆದರೆ ಸರಿಯಾಗುತ್ತದೆ. ಈಕಾರ, ಏಕಾರಗಳಲ್ಲಿಯೂ ಇದೇ ಕಥೆ, ಏಕೆಂದರೆ ಅವುಗಳ ದೀರ್ಘವೂ ಅದೇ U+0CD5. ಊಕಾರಕ್ಕೆ ತನ್ನದೇ ಒಂದು ಚಿಹ್ನೆ ಇರುವುದರಿಂದ ಅಲ್ಲಿ ಈ ತೊಂದರೆ ಬರುವುದಿಲ್ಲ.

ವಯಸ್ಸಾದವರು ಸೆಟ್ಟಿಂಗ್‌ನಲ್ಲಿ ‘ದೊಡ್ಡ ಅಕ್ಷರ’ ಆರಿಸುವುದು ಸಹಜ. ಹಾಗೆ ಆರಿಸಿದರೆ ಅಕ್ಷರದ ಬಲಕ್ಕೆ ಚಾಚುವ ದೀರ್ಘದ ಚಿಹ್ನೆ ಚೌಕದ ಅಂಚಿನಲ್ಲಿ ಕತ್ತರಿಸಿಹೋಗಿ ‘ತೀ’ ನೋಡಲು ‘ತಿ’ಯಂತೆಯೇ ಇರುತ್ತದೆ. ಮೊಬೈಲನ್ನು ಅಡ್ಡ ತಿರುಗಿಸಿದರೆ ಚೌಕ ಅಗಲವಾಗಿ ಪೂರ್ತಿ ಕಾಣುತ್ತದೆ. ಮುಂದಿನ ಅಪ್‌ಡೇಟ್‌ನಲ್ಲಿ ಇದನ್ನೂ ಆ ಯೂನಿಕೋಡ್ ಹೋಲಿಕೆಯನ್ನೂ ಸರಿಪಡಿಸಿದರೆ ಐದನೆಯ ನಕ್ಷತ್ರ ಕೊಡಲು ನನ್ನದೇನೂ ಅಡ್ಡಿಯಿಲ್ಲ.