ಐದು ನಿಮಿಷದ ಶಾಂಪೂ ಡೈ: ‘ಅಮೋನಿಯಾ ಇಲ್ಲ’ ಎಂದರೆ ಅಲರ್ಜಿ ಇಲ್ಲ ಎಂದಲ್ಲ

ಶಾಂಪೂವಿನಂತೆ ತಲೆಗೆ ಹಚ್ಚಿ, ನೊರೆ ಬರಿಸಿ, ಕೆಲವೇ ನಿಮಿಷಗಳಲ್ಲಿ ತೊಳೆದುಬಿಟ್ಟರೆ ಬಿಳಿಕೂದಲೆಲ್ಲ ಕಪ್ಪಾಗುತ್ತದೆ ಎಂದು ಹೇಳಿ ಮಾರುವ ಡೈಗಳು ಕ್ರೀಮ್ ಡೈಗಳಿಗಿಂತ ಸೌಮ್ಯ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಚ್ಚುವಾಗ ಮೂಗಿಗೆ ಘಾಟು ಹೊಡೆಯುವುದಿಲ್ಲ, ಡಬ್ಬಿಯ ಮೇಲೆ ಗಿಡಮೂಲಿಕೆಗಳ ಚಿತ್ರವಿರುತ್ತದೆ, ‘ಅಮೋನಿಯಾ ರಹಿತ’ ಎಂಬ ಮಾತು ದಪ್ಪಕ್ಷರದಲ್ಲಿರುತ್ತದೆ. ಹೀಗಿರುವಾಗ ಆ ನಂಬಿಕೆ ಹುಟ್ಟುವುದು ಸಹಜವೇ. ಆದರೆ ಇಂಥದೊಂದು ಡೈಯಿಂದ ನನ್ನ ಎರಡೂ ಕಣ್ಣುಗಳು ಬಾತು ಮುಚ್ಚಿಹೋದ ಮೇಲೆ, ಚರ್ಮವೈದ್ಯರಿಂದ ತಿಳಿದುಕೊಂಡ ಸಂಗತಿಗಳನ್ನು ಇದೇ ಡೈ ಬಳಸುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ವರ್ಷಗಳ ಕಾಲ ಕ್ರೀಮ್ ಡೈಯನ್ನೇ ಬಳಸುತ್ತಿದ್ದೆ. ಬಟ್ಟಲಿನಲ್ಲಿ ಕಲಸಿ, ಬೈತಲೆ ತೆಗೆಯುತ್ತಾ, ಬ್ರಷ್‌ನಿಂದ ಬುಡಕ್ಕೆ ಹಚ್ಚಿ, ಅರ್ಧ ಗಂಟೆಗೂ ಮಿಗಿಲಾಗಿ ಕೂತಿರುವ ಕೆಲಸ ಬೇಸರ ತಂದಿದ್ದರಿಂದ ಶಾಂಪೂ ಡೈಗೆ ಬದಲಾಯಿಸಿದೆ. ಮೊದಲ ಸಲ ಬಳಸುವುದಕ್ಕೆ ಮುಂಚೆ ಡಬ್ಬಿಯೊಳಗಿನ ಚೀಟಿಯಲ್ಲಿ ಹೇಳಿದ್ದಂತೆಯೇ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿದ್ದೆ, ಏನೂ ಆಗಿರಲಿಲ್ಲ. ಮುಂದಿನ ಕೆಲವು ಸಲವೂ ತೊಂದರೆಯಿರಲಿಲ್ಲ. ಆಮೇಲೆ ಒಂದು ಸಂಜೆ ಎಂದಿನಂತೆ ಹಚ್ಚಿ ತೊಳೆದೆ. ಆಗ ಉರಿಯೂ ಇರಲಿಲ್ಲ, ತುರಿಕೆಯೂ ಇರಲಿಲ್ಲ. ಮರುದಿನ ಮಧ್ಯಾಹ್ನ ಕಿವಿಯ ಹಿಂದೆ ಕಡಿತ ಶುರುವಾಯಿತು. ಅದರ ಮರುದಿನ ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆಗಳು ಊದಿಕೊಂಡು ಬಿಡಿಸಲಾಗುತ್ತಿರಲಿಲ್ಲ, ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ನೀರು ಸೋರುತ್ತಿತ್ತು, ಕಿವಿಗಳು ಕೆಂಪಾಗಿ ದಪ್ಪಗಾಗಿದ್ದವು. ವಿಚಿತ್ರವೆಂದರೆ, ಡೈ ಹಚ್ಚಿದ ನೆತ್ತಿಯಲ್ಲಿ ತುರಿಕೆ ಬಿಟ್ಟರೆ ಕಣ್ಣಿಗೆ ಕಾಣುವಂಥದ್ದು ಹೆಚ್ಚೇನೂ ಇರಲಿಲ್ಲ.

“ಇದರಲ್ಲಿ ಅಮೋನಿಯಾ ಇಲ್ಲವೆಂದು ಬರೆದಿದ್ದಾರಲ್ಲ ಡಾಕ್ಟ್ರೇ” ಎಂದು ನಾನು ಡಬ್ಬಿ ತೋರಿಸಿದಾಗ, ವೈದ್ಯರು ಅದನ್ನು ಮಗುಚಿ ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು, “ಅಲರ್ಜಿ ಮಾಡುವುದು ಅಮೋನಿಯಾ ಅಲ್ಲ, ಇದು. ಓದಿ ನೋಡಿ” ಎಂದರು. ಅಲ್ಲಿದ್ದ ಹೆಸರು ಪ್ಯಾರಾ ಫಿನೈಲೀನ್ ಡೈಅಮೀನ್, ಚಿಕ್ಕದಾಗಿ ಪಿಪಿಡಿ. ನಾನು ಹಿಂದೆ ಬಳಸುತ್ತಿದ್ದ ಕ್ರೀಮ್ ಡೈಯಲ್ಲೂ ಇದ್ದದ್ದು ಅದೇ.

ಮಾರುಕಟ್ಟೆಯಲ್ಲಿ ಸಿಗುವ ‘ತಕ್ಷಣ ಕಪ್ಪು’ ಶಾಂಪೂಗಳಲ್ಲಿ ಹೆಚ್ಚಿನವು ಬಣ್ಣ ಬೆರೆಸಿದ ಬರಿಯ ಶಾಂಪೂಗಳಲ್ಲ. ಎರಡು ಭಾಗಗಳಿರುವ ಸ್ಯಾಶೆಯನ್ನೋ, ಒತ್ತಿದರೆ ಎರಡು ದ್ರವ ಒಟ್ಟಿಗೆ ಬರುವ ಬಾಟಲಿಯನ್ನೋ ನೋಡಿದರೆ ಇದು ಗೊತ್ತಾಗುತ್ತದೆ: ಒಂದರಲ್ಲಿ ಪಿಪಿಡಿ ಅಥವಾ ಅದರ ಬಂಧುವಾದ ರಾಸಾಯನಿಕ, ಇನ್ನೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಇವೆರಡೂ ಸೇರಿದಾಗ, ಬಣ್ಣವಿಲ್ಲದ ಸಣ್ಣ ಅಣುಗಳು ಕೂದಲಿನೊಳಗೆ ನುಸುಳಿ, ಅಲ್ಲಿ ಒಂದಕ್ಕೊಂದು ಕೂಡಿಕೊಂಡು ಹೊರಬರಲಾಗದಷ್ಟು ದೊಡ್ಡ ಕಪ್ಪು ಅಣುಗಳಾಗುತ್ತವೆ. ಕ್ರೀಮ್ ಡೈಯ ಕೆಲಸವೂ ಅಕ್ಷರಶಃ ಇದೇ. ಅಮೋನಿಯಾದ ಮುಖ್ಯ ಕೆಲಸ ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಬಿಡಿಸುವುದು. ಅದನ್ನು ತೆಗೆದ ಕಂಪನಿಗಳು ಸಾಮಾನ್ಯವಾಗಿ ಆ ಜಾಗದಲ್ಲಿ ಮೊನೊಎಥನಾಲಮೈನ್ ಎಂಬ ಘಾಟಿಲ್ಲದ ಕ್ಷಾರವನ್ನು ಹಾಕುತ್ತವೆ. ಘಾಟು ಹೋಯಿತು, ಕ್ಷಾರ ಹೋಗಲಿಲ್ಲ. ಪಿಪಿಡಿಯಂತೂ ಇದ್ದಲ್ಲೇ ಇದೆ.

ಬಣ್ಣ ಹಿಡಿಯುವುದರಲ್ಲಿ ಎರಡಕ್ಕೂ ವ್ಯತ್ಯಾಸವಿದೆ, ಆದರೆ ಅದು ಜಾಹೀರಾತು ಹೇಳುವ ದಿಕ್ಕಿನಲ್ಲಿಲ್ಲ. ಕ್ರೀಮ್ ಗಟ್ಟಿಯಾಗಿರುವುದರಿಂದ ಬ್ರಷ್‌ನಿಂದ ಇಟ್ಟ ಜಾಗದಲ್ಲೇ ಕೂರುತ್ತದೆ, 30 ನಿಮಿಷ ಅಥವಾ ಅದಕ್ಕಿಂತ ತುಸು ಹೆಚ್ಚು ಹೊತ್ತು ಇರುವುದರಿಂದ ಅಣುಗಳಿಗೆ ಒಳಕ್ಕಿಳಿಯಲು ಅವಕಾಶ ಸಿಗುತ್ತದೆ. ಕಿವಿಯ ಮುಂದಿನ ಮತ್ತು ಹಣೆಯ ಅಂಚಿನ ಬಿರುಸಾದ ನರೆಗೂದಲು, ಎಲ್ಲಕ್ಕಿಂತ ಹಟಮಾರಿಯಾದದ್ದು, ಕಪ್ಪಾಗುವುದು ಈ ಸಾವಕಾಶದಿಂದಲೇ. ಶಾಂಪೂ ಡೈ ಐದರಿಂದ ಹದಿನೈದು ನಿಮಿಷ ಮಾತ್ರ ಇರುತ್ತದೆ. ನೊರೆಯಲ್ಲಿ ಗಾಳಿಯ ಪಾಲೇ ಹೆಚ್ಚು. ತಲೆ ಒದ್ದೆಯಾಗಿದ್ದರೆ ಬಣ್ಣ ಇನ್ನೂ ತೆಳುವಾಗುತ್ತದೆ. ಬಣ್ಣದ ಬಹುಪಾಲು ಕೂದಲಿನ ಹೊರಭಾಗಕ್ಕೆ ಹತ್ತಿರವೇ ಉಳಿದುಬಿಡುತ್ತದೆ. ಬಿಳಿಕೂದಲು ಅಲ್ಲೊಂದು ಇಲ್ಲೊಂದು ಇರುವವರಿಗೆ ಇದು ಸಾಕಾದೀತು. ಅರ್ಧಕ್ಕಿಂತ ಹೆಚ್ಚು ನರೆತ ತಲೆಯಲ್ಲಿ, ತೊಳೆದ ದಿನ ಕಪ್ಪಗೆ ಕಂಡರೂ ಬಿಸಿಲಿಗೆ ಹೋಗಿ ನೋಡಿದರೆ ಕಿವಿಯ ಪಕ್ಕದ ಕೂದಲು ಕಂದುಬಣ್ಣವಾಗಿ, ಬುಡದಲ್ಲಿ ಅಲ್ಲಲ್ಲಿ ಬೆಳ್ಳಗೆ ಉಳಿದಿರುವುದು ಕಾಣುತ್ತದೆ.

ಬಾಳಿಕೆಯಲ್ಲೂ ಹೀಗೆಯೇ. ಚೆನ್ನಾಗಿ ಹಿಡಿದ ಕ್ರೀಮ್ ಡೈಯ ಬಣ್ಣ ಹೋಗುವುದಕ್ಕಿಂತ ಮೊದಲು ಬುಡದ ಬಿಳಿ ಬೆಳೆದು ಕಾಣಿಸಿಕೊಳ್ಳುತ್ತದೆ; ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ ಬುಡಕ್ಕಷ್ಟೇ ಹಚ್ಚಿದರೆ ನಡೆಯುತ್ತದೆ. ಶಾಂಪೂ ಡೈಯಲ್ಲಿ ಬುಡ ಬೆಳೆಯುವುದಕ್ಕೆ ಮುಂಚೆಯೇ ಹಚ್ಚಿದ ಭಾಗವೇ ಮಾಸಿ ಕೆಂಚಗಾಗಲು ತೊಡಗುತ್ತದೆ. ಹಾಗಾಗಿ ಎರಡು ಮೂರು ವಾರಕ್ಕೆಲ್ಲ ಮತ್ತೆ ಹಚ್ಚಬೇಕೆನಿಸುತ್ತದೆ, ಹಚ್ಚುವಾಗ ಬುಡಕ್ಕೆ ಮಾತ್ರ ಎಂಬ ಆಯ್ಕೆಯೂ ಇರುವುದಿಲ್ಲ. ನೊರೆ ತುದಿಯವರೆಗೂ ಹರಡುವುದರಿಂದ, ಈಗಾಗಲೇ ಕಪ್ಪಾಗಿರುವ ತುದಿಗಳಿಗೆ ಪ್ರತಿ ಸಲವೂ ಮತ್ತೊಂದು ಸುತ್ತು ಪೆರಾಕ್ಸೈಡ್ ತಗುಲಿ, ಅವು ಇದ್ದಿಲಿನಂತೆ ಕಳೆಗುಂದಿ ಒಣಗುತ್ತವೆ. ಉದ್ದ ಕೂದಲಿರುವವರು ಇದನ್ನು ಮೊದಲು ಗಮನಿಸುತ್ತಾರೆ.

ನನ್ನನ್ನು ಕಾಡಿದ ಸಂಗತಿ ಇರುವುದು ಇಲ್ಲಿಯೇ. ಬಣ್ಣ ಬೇಗ ಮಾಸುವುದೆಂದರೆ ಪಿಪಿಡಿಯ ಸಂಪರ್ಕ ಹೆಚ್ಚು ಸಲ ಬರುವುದೆಂದು ಅರ್ಥ. ಅದೂ ಪ್ರತಿ ಸಲ ಹೆಚ್ಚು ವಿಸ್ತಾರದ ಚರ್ಮಕ್ಕೆ. ಕ್ರೀಮನ್ನು ಬ್ರಷ್‌ನಿಂದ ಹಚ್ಚುವಾಗ ಹಣೆಗೂ ಕಿವಿಗೂ ತಾಗದಂತೆ ನೋಡಿಕೊಳ್ಳಬಹುದು, ಅಂಚಿಗೆ ವ್ಯಾಸಲೀನ್ ಸವರಿಕೊಳ್ಳಬಹುದು. ಶಾಂಪೂ ಡೈಯನ್ನು ಬೆರಳುಗಳಿಂದ ನೆತ್ತಿಗೆ ತಿಕ್ಕಿಯೇ ನೊರೆ ಬರಿಸಬೇಕು. ತೊಳೆಯುವಾಗ ಅದು ಹಣೆ, ರೆಪ್ಪೆ, ಕಿವಿ, ಕತ್ತು ಎಲ್ಲದರ ಮೇಲೂ ಇಳಿಯುತ್ತದೆ. ನೆತ್ತಿಯ ಚರ್ಮ ದಪ್ಪ, ರೆಪ್ಪೆಯ ಚರ್ಮ ಬಲು ತೆಳು. ಅಲರ್ಜಿ ನೆತ್ತಿಯಲ್ಲಿ ಮಂಕಾಗಿದ್ದು ಕಣ್ಣು, ಕಿವಿಗಳಲ್ಲಿ ಸ್ಫೋಟಿಸಲು ಇದೇ ಕಾರಣ. ಇದರಿಂದಲೇ ಅನೇಕರು ಕಣ್ಣಿಗೆ ಏನೋ ಹುಳ ಕಚ್ಚಿತೆಂದೋ, ತಿಂದದ್ದು ಆಗಿಬರಲಿಲ್ಲವೆಂದೋ ತಿಳಿದು ಡೈಯನ್ನು ಸಂಶಯಿಸುವುದೇ ಇಲ್ಲ. ಗಡ್ಡ, ಮೀಸೆಗೆ ಇದೇ ಶಾಂಪೂ ಡೈ ಹಚ್ಚುವವರಿಗೆ ಅಪಾಯ ಇನ್ನೂ ಹೆಚ್ಚು, ಹುಬ್ಬಿಗಂತೂ ಹಚ್ಚಲೇಬಾರದು.

ಉರಿ ಮತ್ತು ಅಲರ್ಜಿ ಬೇರೆ ಬೇರೆ ಎಂಬುದನ್ನೂ ಇಲ್ಲಿ ತಿಳಿದಿರಬೇಕು. ಹಚ್ಚುತ್ತಿರುವಾಗಲೇ ಚುರುಚುರು ಎನ್ನುವುದು, ತೊಳೆದ ಮೇಲೆ ಕೆಲವು ಗಂಟೆಗಳಲ್ಲಿ ತಣ್ಣಗಾಗುವುದು, ಹೆಚ್ಚಾಗಿ ಕ್ಷಾರ ಮತ್ತು ಪೆರಾಕ್ಸೈಡ್‌ಗಳ ಕೆಲಸ. ಇದರಲ್ಲಿ ಅಮೋನಿಯಾ ಇರುವ, ಹೆಚ್ಚು ಹೊತ್ತು ಇರಿಸುವ ಕ್ರೀಮ್ ಡೈಯೇ ಹೆಚ್ಚು ಕಾಟ ಕೊಡಬಹುದು ಎಂದು ಒಪ್ಪುತ್ತೇನೆ. ಶಾಂಪೂ ಡೈಗೆ ‘ಸೌಮ್ಯ’ ಎಂಬ ಹೆಸರು ಬಂದದ್ದು ಇದರಿಂದಲೇ ಇರಬೇಕು. ಅಲರ್ಜಿಯ ನಡೆ ಬೇರೆ. ಅದು ಹಚ್ಚಿದಾಗ ಸುಮ್ಮನಿರುತ್ತದೆ, ಒಂದರಿಂದ ಮೂರು ದಿನಗಳ ನಂತರ ತುರಿಕೆಯಿಂದ ಶುರುವಾಗಿ ಏರುತ್ತಾ ಹೋಗುತ್ತದೆ, ಒಮ್ಮೆ ಬಂದರೆ ಮುಂದಿನ ಸಲಗಳಲ್ಲಿ ಇನ್ನೂ ಬೇಗ ಮತ್ತು ಜೋರಾಗಿ ಬರಬಹುದು. ದೇಹ ಪಿಪಿಡಿಯನ್ನು ಶತ್ರುವೆಂದು ಗುರುತಿಟ್ಟುಕೊಳ್ಳುವುದು ವರ್ಷಗಳ ಬಳಕೆಯ ನಂತರವೂ ಆಗಬಹುದು. ಮೊದಲ ಸಲ ಮಾಡಿದ ಪರೀಕ್ಷೆಯಲ್ಲಿ ನನಗೆ ಏನೂ ಕಾಣದಿದ್ದುದಕ್ಕೆ ಅದೇ ವಿವರಣೆ. ಆ 48 ಗಂಟೆಯ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಬೇಕೆಂದು ಚೀಟಿಗಳಲ್ಲಿ ಬರೆಯುವುದಕ್ಕೂ ಅದೇ ಕಾರಣ. ಐದು ನಿಮಿಷದ ಡೈಗೆ ಎರಡು ದಿನದ ಕಾಯುವಿಕೆ ಎಂದರೆ ನಗು ಬರಬಹುದು, ಆದರೆ ಲೆಕ್ಕ ಇರುವುದೇ ಹಾಗೆ.

ಊತ ಬಂದರೆ ಮಾಡಬೇಕಾದದ್ದು ಸರಳ. ಉಗುರುಬೆಚ್ಚಗಿನ ನೀರು ಮತ್ತು ಸಾದಾ ಶಾಂಪೂವಿನಿಂದ ತಲೆಯನ್ನು ಚೆನ್ನಾಗಿ ತೊಳೆಯಬೇಕು, ಊತದ ಮೇಲೆ ತಣ್ಣೀರಿನ ಬಟ್ಟೆ ಇಡಬೇಕು, ಮನೆಮದ್ದು ಸವರದೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ, ನಾಲಿಗೆಯೋ ಗಂಟಲೋ ಊದಿಕೊಂಡರೆ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ನನಗೆ ಕೆಲವು ದಿನಗಳ ಸ್ಟಿರಾಯ್ಡ್ ಮಾತ್ರೆ ಮತ್ತು ಲೋಷನ್ ಕೊಟ್ಟರು. ಊತ ಇಳಿಯಿತು, ಹಣೆಯ ಅಂಚಿನ ಚರ್ಮ ಸಿಪ್ಪೆ ಎದ್ದು ಸರಿಯಾಗಲು ಇನ್ನಷ್ಟು ಕಾಲ ಬೇಕಾಯಿತು. ತಲೆ ಬೋಳಿಸಬೇಕೇ ಎಂದು ಕೇಳಿದ್ದೆ. ಬೇಡವೆಂದರು: ಚೆನ್ನಾಗಿ ತೊಳೆದ ಮೇಲೆ ಕೂದಲಿನೊಳಗೆ ಪೂರ್ತಿ ಕೂಡಿಕೊಂಡ ಬಣ್ಣ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಚರ್ಮ ಪೂರ್ತಿ ವಾಸಿಯಾದ ನಂತರ ಬೆನ್ನಿನ ಮೇಲೆ ಪ್ಯಾಚ್ ಟೆಸ್ಟ್ ಮಾಡಿದರು. ಸಣ್ಣ ಬಿಲ್ಲೆಗಳಲ್ಲಿ ಬೇರೆ ಬೇರೆ ವಸ್ತುಗಳನ್ನಿಟ್ಟು ಅಂಟಿಸಿ, ಎರಡು ದಿನಗಳ ನಂತರ ತೆಗೆದು ನೋಡಿ, ಮತ್ತೆ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಿದು. ಪಿಪಿಡಿ ಇಟ್ಟ ಜಾಗ ಕೆಂಪಾಗಿ ಉಬ್ಬಿತ್ತು. ಅದರೊಂದಿಗೆ ಬಂದ ಸೂಚನೆ ನನಗೆ ಹೊಸದು: ಪಿಪಿಡಿ ಇಲ್ಲವೆಂದು ಮಾರುವ ಅನೇಕ ಡೈಗಳಲ್ಲಿ ಟಾಲ್ಯೂಯೀನ್ ಡೈಅಮೀನ್ ಅಥವಾ ಪ್ಯಾರಾ ಅಮೈನೊಫಿನಾಲ್ ಇರುತ್ತದೆ, ಪಿಪಿಡಿಗೆ ಅಲರ್ಜಿಯಿರುವವರಲ್ಲಿ ಬಹಳ ಮಂದಿಗೆ ಅವೂ ಆಗಿಬರುವುದಿಲ್ಲ. ಚರ್ಮವನ್ನೋ ಒಸಡನ್ನೋ ಮರಗಟ್ಟಿಸಲು ಬಳಸುವ ಬೆಂಜೊಕೇನ್ ಕೂಡ ಕೆಲವರಿಗೆ ಇದೇ ರೀತಿ ತೊಂದರೆ ಕೊಡಬಲ್ಲದು, ಆದ್ದರಿಂದ ಹಲ್ಲಿನ ವೈದ್ಯರಲ್ಲಿಗೆ ಹೋದಾಗ ಇದನ್ನು ಹೇಳಬೇಕು. ಮತ್ತೆ ಕ್ರೀಮ್ ಡೈಗೆ ಮರಳುವ ಪ್ರಶ್ನೆಯೇ ಇಲ್ಲ.

‘ಕಪ್ಪು ಮೆಹಂದಿ’ ಪುಡಿಯೂ ಪರಿಹಾರವಲ್ಲ, ಏಕೆಂದರೆ ಬರಿಯ ಮದರಂಗಿ ಎಲೆ ಬಿಳಿಕೂದಲಿಗೆ ಕೊಡುವುದು ಕೆಂಪು ಕಿತ್ತಳೆಯ ಬಣ್ಣವನ್ನು. ನಿಮಿಷಗಳಲ್ಲಿ ಕಡುಗಪ್ಪು ಬರಿಸುವ ಪುಡಿಯಲ್ಲಿ ಪಿಪಿಡಿ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಶುದ್ಧ ಮದರಂಗಿಯ ಮೇಲೆ ಇಂಡಿಗೊ ಎಂಬ ನೀಲಿ ಗಿಡದ ಎಲೆಯ ಪುಡಿ ಹಚ್ಚಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ, ಆದರೆ ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ನಾನು ಈಗ ಹೊರಗೆ ಹೋಗುವಾಗ ಬುಡಕ್ಕೆ ಬಳಿಯುವ ಕಪ್ಪು ಕಡ್ಡಿಯೊಂದನ್ನು, ಅದರ ವಿವರಪಟ್ಟಿಯಲ್ಲಿ ಕಬ್ಬಿಣದ ಆಕ್ಸೈಡ್‌ನಂಥ ವರ್ಣಕಗಳಿದ್ದು ಮೇಲೆ ಹೇಳಿದ ಹೆಸರುಗಳು ಯಾವುವೂ ಇಲ್ಲವೆಂದು ಓದಿ ಖಚಿತಪಡಿಸಿಕೊಂಡ ಮೇಲೆ, ಬಳಸುತ್ತಿದ್ದೇನೆ. ಅದು ಕೂದಲಿನ ಮೇಲಷ್ಟೇ ಕೂರುತ್ತದೆ, ಬೆವರಿದರೆ ಕಾಲರಿಗೆ ಹತ್ತುತ್ತದೆ, ಒಂದು ಸ್ನಾನಕ್ಕೆ ಹೋಗಿಬಿಡುತ್ತದೆ.