ಮೈನಸ್ ಸಂಖ್ಯೆಯ ಶೇಷ: ಪೈಥಾನ್ ನನ್ನನ್ನು ಉಳಿಸಿತು, ಜಾವಾಸ್ಕ್ರಿಪ್ಟ್ ಅತ್ತೆಯ ಹತ್ತಿರ ಬೈಸಿತು

ಮೊದಲೇ ಹೇಳಿಬಿಡ್ತೀನಿ, ನಾನು ಪೈಥಾನ್ ಪಕ್ಷ. ಯಾಕೆ ಅಂತ ಹೇಳೋಕೆ ನಮ್ಮ ಮನೆ ವಂಶಾವಳಿಯ ಕಥೆ ಹೇಳಬೇಕು.

ಹೋದ ವರ್ಷ ನಮ್ಮ ಕುಟುಂಬದವರ ಪಟ್ಟಿ ಮಾಡುತ್ತಿದ್ದೆ. ಪ್ರತಿಯೊಬ್ಬರ ಹೆಸರಿನ ಮುಂದೆ ಹುಟ್ಟಿದ ಇಸವಿ, ಪಕ್ಕದಲ್ಲಿ ಸಂವತ್ಸರ. ಸಂವತ್ಸರಗಳು ಅರವತ್ತು, ಸುತ್ತಿ ಸುತ್ತಿ ಬರುತ್ತವೆ. 1987ರ ಯುಗಾದಿಗೆ ಪ್ರಭವ ಶುರುವಾಯಿತು. ಹಾಗಾಗಿ ಇಸವಿಯಿಂದ 1987 ಕಳೆದು, 60ರಿಂದ ಭಾಗಿಸಿ, ಶೇಷ ತಗೊಂಡರೆ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಪಟ್ಟಿ ಸೊನ್ನೆಯಿಂದ ಶುರು, ಪ್ರಭವ 0, ಅಕ್ಷಯ 59.

```python
hesaru[(isavi - 1987) % 60]
```

ಪೈಥಾನಿನಲ್ಲಿ ಬರೆದೆ. ತಾತನಿಂದ ಹಿಡಿದು ತಂಗಿಯ ಮಗುವಿನವರೆಗೆ ಎಲ್ಲರದ್ದೂ ಸರಿ ಬಂತು. ಆಮೇಲೆ ನೆಂಟರೆಲ್ಲ ಮೊಬೈಲಿನಲ್ಲಿ ನೋಡಲಿ ಅಂತ ಅದೇ ಸಾಲನ್ನು ಜಾವಾಸ್ಕ್ರಿಪ್ಟಿಗೆ ಎತ್ತಿ ಹಾಕಿದೆ. ಬದಲಾಯಿಸೋಕೆ ಏನೂ ಇರಲಿಲ್ಲ, ಅಕ್ಷರಕ್ಕೆ ಅಕ್ಷರ ಅದೇ. ನನ್ನ ಇಸವಿ ಹಾಕಿ ನೋಡಿದೆ, ತಂಗಿಯದ್ದು ಹಾಕಿದೆ, ಸರಿ ಇತ್ತು. ಲಿಂಕ್ ಕಳಿಸಿದೆ.

ಅರ್ಧ ಗಂಟೆಗೆ ಅತ್ತೆಯ ಫೋನ್. "ಏನೋ ಇದು, ನಮ್ಮಪ್ಪನ ಹೆಸರಿನ ಮುಂದೆ ಏನೋ ಇಂಗ್ಲಿಷಲ್ಲಿ ಬಂದಿದೆಯಲ್ಲ?"

ಬಂದಿದ್ದು `undefined`. ತಾತನದ್ದು ಮಾತ್ರ ಅಲ್ಲ, 1987ಕ್ಕೆ ಮುಂಚೆ ಹುಟ್ಟಿದ ಹೆಚ್ಚುಕಮ್ಮಿ ಎಲ್ಲರದ್ದೂ ಅದೇ ಗತಿ. ನಾನೂ ತಂಗಿಯೂ ಆ ಗೆರೆಯ ಈಚೆಗೆ ಹುಟ್ಟಿದವರು, ಅದಕ್ಕೇ ನನ್ನ ಪರೀಕ್ಷೆಯಲ್ಲಿ ಸಿಕ್ಕಿರಲಿಲ್ಲ.

1947 ತಗೊಳ್ಳಿ. 1947ರಲ್ಲಿ 1987 ಕಳೆದರೆ -40.

```
ಪೈಥಾನ್:        -40 % 60   →  20
ಜಾವಾಸ್ಕ್ರಿಪ್ಟ್:   -40 % 60   →  -40
```

ಪೈಥಾನಿನ 20 ಅಂದರೆ ಪಟ್ಟಿಯ ಇಪ್ಪತ್ತೊಂದನೆಯದು, ಸರ್ವಜಿತು. ಅದೇ ಸರಿ. ಜಾವಾಸ್ಕ್ರಿಪ್ಟಿನ ಪಟ್ಟಿಯಲ್ಲಿ -40 ಅನ್ನೋ ಜಾಗವೇ ಇಲ್ಲ.

ಸಿಟ್ಟು ಬಂದು ಜಾವಾಸ್ಕ್ರಿಪ್ಟ್ ಲೆಕ್ಕ ತಪ್ಪು ಅಂತ ಮೊದಲು ಅಂದುಕೊಂಡೆ. ತಪ್ಪಲ್ಲ. ಶಾಲೆಯಲ್ಲಿ ತಾಳೆ ನೋಡೋಕೆ ಹೇಳಿಕೊಟ್ಟಿದ್ದು ನೆನಪಿದೆಯಾ? ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿಸಿದರೆ ಭಾಜ್ಯ ಬರಬೇಕು. ಎರಡೂ ಅದನ್ನು ಪಾಲಿಸುತ್ತವೆ.

```
-40 = 60 × (-1) + 20
-40 = 60 ×   0  + (-40)
```

ಜಗಳ ಇರೋದು ಶೇಷದಲ್ಲಿ ಅಲ್ಲ, ಭಾಗಲಬ್ಧದಲ್ಲಿ. -40ನ್ನು 60ರಿಂದ ಭಾಗಿಸಿದರೆ -0.66ರ ಆಸುಪಾಸು. ಇದನ್ನು ಪೂರ್ಣಾಂಕ ಮಾಡಬೇಕು. ಪೈಥಾನಿನ `//` ಯಾವಾಗಲೂ ಕೆಳಕ್ಕೆ ಇಳಿಯುತ್ತದೆ, ಹಾಗಾಗಿ -1. ಜಾವಾಸ್ಕ್ರಿಪ್ಟ್, ಸಿ, ಜಾವಾ, ಗೋ ಇವೆಲ್ಲ ದಶಮಾಂಶದ ಬಾಲ ಕತ್ತರಿಸಿ ಸೊನ್ನೆಯ ಕಡೆಗೆ ಬರುವ ಲೆಕ್ಕ ಇಟ್ಟುಕೊಂಡಿವೆ, ಹಾಗಾಗಿ 0. ಭಾಗಲಬ್ಧ ಒಮ್ಮೆ ಹಿಡಿದ ಮೇಲೆ ಶೇಷಕ್ಕೆ ಬೇರೆ ದಾರಿ ಇಲ್ಲ, ತಾಳೆ ಆಗಲೇಬೇಕಲ್ಲ. ಪ್ಲಸ್ ಸಂಖ್ಯೆಗಳಲ್ಲಿ ಕೆಳಗೂ ಸೊನ್ನೆಯ ಕಡೆಯೂ ಒಂದೇ ದಿಕ್ಕು. ಅದಕ್ಕೇ ವರ್ಷಗಟ್ಟಲೆ ಯಾರಿಗೂ ವ್ಯತ್ಯಾಸ ಕಾಣೋದಿಲ್ಲ.

ಸಂವತ್ಸರದಲ್ಲೇ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಪೈಥಾನ್ ಕೇಳೋದು ಇಷ್ಟು: ಈ ಇಸವಿಗೆ ಹಿಂದೆ ಬಂದ ಪ್ರಭವ ಯಾವುದು, ಅಲ್ಲಿಂದ ಎಷ್ಟು ವರ್ಷ ಮುಂದೆ ಬಂದಿದ್ದೇವೆ? 1947ಕ್ಕೆ ಹಿಂದಿನ ಪ್ರಭವ 1927, ಅಲ್ಲಿಂದ 20 ವರ್ಷ. ಜಾವಾಸ್ಕ್ರಿಪ್ಟ್ 1987ರ ಪ್ರಭವದ ಮೇಲೆ ನಿಂತು ಹಿಂದಕ್ಕೆ ತಿರುಗಿ 40 ಹೆಜ್ಜೆ ಅನ್ನುತ್ತದೆ. ಪಂಚಾಂಗ ನೋಡುವ ಯಾರೂ ಹಾಗೆ ಎಣಿಸೋದಿಲ್ಲ. ನಮ್ಮ ಮನೆ ಪುರೋಹಿತರು ಬೆರಳು ಮಡಚಿ ಎಣಿಸೋದೂ ಪೈಥಾನ್ ಲೆಕ್ಕವೇ.

ಇನ್ನು ನನ್ನ ತಲೆ ತಿಂದ ಭಾಗ. ದುರಸ್ತಿ ಸುಲಭ ಅಂದುಕೊಂಡೆ. ಮೈನಸ್ ಬಂದರೆ ತಾನೇ ತೊಂದರೆ, ಮೊದಲೇ 60 ಕೂಡಿಸಿದರೆ ಆಯ್ತು.

```js
hesaru[(isavi - 1987 + 60) % 60]
```

1947 ಹಾಕಿದೆ, ಸರ್ವಜಿತು ಬಂತು. ಅಪ್ಪನದ್ದು, ಅತ್ತೆಯದ್ದು, ಚಿಕ್ಕಪ್ಪಂದಿರದ್ದು ಎಲ್ಲ ಸರಿ. ಅತ್ತೆಗೆ ಫೋನ್ ಮಾಡಿ ಈಗ ನೋಡಿ ಅಂದೆ. ನೋಡಿದರು. "ನನ್ನದು ಬಂತು, ಅಪ್ಪಂದು ಇನ್ನೂ ಹಾಗೇ ಇದೆ" ಅಂದರು.

ತಾತ ಹುಟ್ಟಿದ್ದು 1921ರ ಮಳೆಗಾಲದಲ್ಲಿ. 1921ರಲ್ಲಿ 1987 ಕಳೆದರೆ -66. 60 ಕೂಡಿಸಿದರೆ -6. ಇನ್ನೂ ಮೈನಸ್ಸೇ, ಶೇಷವೂ -6. ಒಂದು ಸುತ್ತು ಕೂಡಿಸಿದರೆ ಒಂದು ಸುತ್ತಿನ ಹಿಂದಿನವರು ಮಾತ್ರ ಬಚಾವ್. ತಾತ ಎರಡನೇ ಸುತ್ತಿನಲ್ಲಿದ್ದರು.

ಆಗ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಮೊದಲಿನ ಕೆಟ್ಟ ಸಾಲಿನಲ್ಲೂ ತಾತನ ತಮ್ಮನದ್ದು ಸರಿಯಾಗಿ ಪ್ರಭವ ಅಂತಲೇ ಬಂದಿತ್ತು. ಅವರು ಹುಟ್ಟಿದ್ದು 1927. ಸರಿಯಾಗಿ -60, ಶೇಷ ಸೊನ್ನೆ. ಆದರೆ ಜಾವಾಸ್ಕ್ರಿಪ್ಟಿನಲ್ಲಿ ಅದು ಬರೀ ಸೊನ್ನೆಯಲ್ಲ, ಮೈನಸ್ ಸೊನ್ನೆ. ಕನ್ಸೋಲಿನಲ್ಲಿ `-60 % 60` ಅಂತ ಹೊಡೆದು ನೋಡಿ, `-0` ಅಂತ ಬರುತ್ತದೆ. ಅಲ್ಲಿನ ಸಂಖ್ಯೆಗಳೆಲ್ಲ ಸಾಮಾನ್ಯವಾಗಿ ಫ್ಲೋಟಿಂಗ್ ಪಾಯಿಂಟ್, ಅದರಲ್ಲಿ ಸೊನ್ನೆಗೂ ಚಿಹ್ನೆ ಇದೆ. ಪಟ್ಟಿಯಲ್ಲಿ ಹುಡುಕುವಾಗ ಅದು 0 ಅಂತಲೇ ನಡೆಯುತ್ತದೆ, `===` ಹಾಕಿದರೂ ಸಮ ಅನ್ನುತ್ತದೆ. ಪುಣ್ಯಕ್ಕೆ ನನಗೆ ತೊಂದರೆ ಕೊಡಲಿಲ್ಲ. ಆದರೆ ಪರೀಕ್ಷೆಗೆ ಹಳೆಯ ಇಸವಿ ಅಂತ 1927 ಒಂದನ್ನೇ ಆರಿಸಿಕೊಂಡಿದ್ದರೆ ಎಲ್ಲ ಸರಿ ಇದೆ ಅಂತ ಮೋಸ ಹೋಗುತ್ತಿದ್ದೆ.

ಕೊನೆಗೆ ನಿಂತಿದ್ದು ಇದು:

```js
const suttu = (a, n) => ((a % n) + n) % n;
```

ಒಳಗಿನ `%` ಎಷ್ಟೇ ಸುತ್ತು ಹಿಂದಿದ್ದರೂ -59ರಿಂದ 59ರ ಒಳಗೆ ತರುತ್ತದೆ. -66 ಇದ್ದದ್ದು -6 ಆಯಿತು. 60 ಕೂಡಿಸಿದರೆ 54. ಹೊರಗಿನ `%` ಯಾಕೆ ಅಂದರೆ ಪ್ಲಸ್ ಇಸವಿಗಳಿಗೆ. 2024ಕ್ಕೆ ಮೊದಲೇ 37 ಇರುತ್ತದೆ, 60 ಕೂಡಿಸಿ 97 ಆಗುತ್ತದೆ, ಅದನ್ನು ಮತ್ತೆ 37ಕ್ಕೆ ಇಳಿಸಬೇಕು. 37 ಅಂದರೆ ಕ್ರೋಧಿ. ತಾತನ 54 ಅಂದರೆ ದುರ್ಮತಿ. ಪೈಥಾನ್ ಇದನ್ನೇ ಮೊದಲ ದಿನ ಒಂದು `%`ನಲ್ಲಿ ಹೇಳಿತ್ತು.

ಇದೇ ಸಾಲನ್ನು ಸಿ ಅಥವಾ ಜಾವಾಕ್ಕೆ ತಗೊಂಡು ಹೋದರೆ ಒಂದು ಎಚ್ಚರ ಬೇಕು. 32 ಬಿಟ್ಟಿನ ಪೂರ್ಣಾಂಕದಲ್ಲಿ `n` ನೂರು ಕೋಟಿ ದಾಟಿದ್ದರೆ ನಡುವಿನ ಕೂಡಿಕೆ ಮಿತಿ ಮೀರಬಹುದು. 60ಕ್ಕೆ ಆ ಭಯ ಇಲ್ಲ.

ಉಳಿದವನ್ನೂ ಸುಮ್ನೆ ಕುತೂಹಲಕ್ಕೆ ನೋಡಿದೆ. ಸಿ ಕಥೆ ಇನ್ನೂ ಕೆಟ್ಟದು. ಅಲ್ಲಿ -40ನೇ ಜಾಗ ಕೇಳಿದರೆ `undefined` ಅನ್ನೋ ಮರ್ಯಾದೆಯೂ ಇಲ್ಲ, ಪಟ್ಟಿಯ ಆಚೆ ಇರುವ ಮೆಮೊರಿಗೆ ಕೈ ಹಾಕುತ್ತದೆ. ನನಗೆ ಒಮ್ಮೆ ಕಸ ಬಂತು, ಒಮ್ಮೆ ಪ್ರೋಗ್ರಾಂ ಬಿದ್ದುಹೋಯಿತು. ಸಿ89ರ ಕಾಲದಲ್ಲಂತೂ ಮೈನಸ್ ಭಾಗಾಕಾರ ಯಾವ ಕಡೆಗೆ ಅನ್ನೋದನ್ನು ಕಂಪೈಲರಿಗೇ ಬಿಟ್ಟಿದ್ದರು. ಸಿ99 ಬಂದ ಮೇಲೆ ಸೊನ್ನೆಯ ಕಡೆಗೆ ಅಂತ ಖಾಯಂ ಆಯಿತು. ಫೋರ್ಟ್ರಾನಿನ ಭಾಗಾಕಾರ ಹಾಗೇ ಇತ್ತು, ಎಕ್ಸ್86 ಪ್ರೊಸೆಸರಿನ `idiv` ಕೂಡ ಹಾಗೇ ಭಾಗಿಸುತ್ತದೆ.

ಜಾವಾದವರಿಗೆ ಆವೃತ್ತಿ 8ರಿಂದ `Math.floorMod(-40, 60)` ಇದೆ, 20 ಕೊಡುತ್ತದೆ. ರಸ್ಟ್‌ನಲ್ಲಿ `rem_euclid`. ರೂಬಿಯ `%` ಪೈಥಾನ್ ತರಹ. ಎಕ್ಸೆಲ್‌ನ `MOD` ಕೂಡ 20 ಅಂತಲೇ ಹೇಳುತ್ತದೆ.

ಭಾಜಕವೇ ಮೈನಸ್ ಆದರೆ ಪೈಥಾನೂ ನನಗೆ ಹಿಡಿಸಲಿಲ್ಲ. `7 % -3` ಅಲ್ಲಿ -2. ಶೇಷದ ಚಿಹ್ನೆ ಭಾಜಕದ್ದು. ಜಾವಾಸ್ಕ್ರಿಪ್ಟಿನಲ್ಲಿ 1, ಅಲ್ಲಿ ಚಿಹ್ನೆ ಭಾಜ್ಯದ್ದು. ಮೈನಸ್ ಅರವತ್ತು ಸಂವತ್ಸರದ ಚಕ್ರ ಯಾರಿಗೂ ಬೇಕಾಗಿಲ್ಲ ಅಂತ ಬಿಟ್ಟೆ.

ಪೈಥಾನ್ ಪಕ್ಷ ಅಂದೆ ಸರಿ, ಅದು ನನಗೆ ಕೈಕೊಟ್ಟ ಜಾಗವೂ ಇದೆ. ಮನೆ ಖರ್ಚಿನ ಲೆಕ್ಕವನ್ನು ಪೈಸೆಯಲ್ಲಿ ಇಡ್ತೀನಿ. ಹಾಲಿನವರಿಗೆ ಹನ್ನೆರಡೂವರೆ ರೂಪಾಯಿ ಬಾಕಿ ಅಂದರೆ -1250. ತೋರಿಸುವಾಗ ರೂಪಾಯಿಗೆ `-1250 // 100`, ಪೈಸೆಗೆ `-1250 % 100` ಹಾಕಿದೆ. ಬಂದಿದ್ದು -13 ಮತ್ತು 50. ಮಧ್ಯೆ ಚುಕ್ಕೆ ಇಟ್ಟರೆ -13.50. ಒಂದು ರೂಪಾಯಿ ಜಾಸ್ತಿ ಬಾಕಿ! ಲೆಕ್ಕ ತಪ್ಪಲ್ಲ, -13 ರೂಪಾಯಿಗೆ 50 ಪೈಸೆ ಕೂಡಿಸಿದರೆ -12.50 ತಾನೇ. ಆದರೆ ಹಾಗೆ ಯಾರು ಓದುತ್ತಾರೆ? ಇಲ್ಲಿ ಜಾವಾಸ್ಕ್ರಿಪ್ಟಿನ ದಾರಿ -12 ಮತ್ತು -50 ಕೊಡುತ್ತದೆ, ಮನುಷ್ಯರು ಸಾಲ ಹೇಳೋದು ಹಾಗೆ. ಈಗ ಮೈನಸ್ ಚಿಹ್ನೆ ಮೊದಲು ಬೇರೆ ತೆಗೆದಿಟ್ಟು, `abs` ಹಾಕಿ ಭಾಗಿಸಿ, ಕೊನೆಗೆ ಚಿಹ್ನೆ ಅಂಟಿಸ್ತೀನಿ. ಅಂದಹಾಗೆ ಪೈಥಾನಿನ `Decimal`ನಲ್ಲಿ ಅದೇ `%` ಸೊನ್ನೆಯ ಕಡೆಯ ಪಕ್ಷ: `Decimal(-40) % 60` ಅಂದರೆ -40. ಒಂದೇ ಮನೆಯಲ್ಲಿ ಎರಡು ಅಡುಗೆ.

ನನ್ನ ಕೆಲಸ ಜಾಸ್ತಿ ಸುತ್ತುವ ಲೆಕ್ಕವೇ. ವಾರ, ಸಂವತ್ಸರ, ಮನೆಯಲ್ಲಿ ಯಾರ ಸರದಿ ಅಂತ. ಅದಕ್ಕೇ ನನಗೆ ಪೈಥಾನ್ ಒಗ್ಗುತ್ತದೆ. ಆದರೆ ಪುಟ ಮಾತ್ರ ಇವತ್ತಿಗೂ ಜಾವಾಸ್ಕ್ರಿಪ್ಟಿನಲ್ಲೇ ಇದೆ. ಪೈಥಾನ್ ಓಡಿಸೋಕೆ ಸಾಮಾನ್ಯವಾಗಿ ಸರ್ವರ್ ಬೇಕು, ಅದಕ್ಕೆ ಹೆಚ್ಚಾಗಿ ತಿಂಗಳು ತಿಂಗಳು ದುಡ್ಡು. ಬರೀ ಪುಟ ಇಡೋಕೆ ಪುಕ್ಕಟೆ ಜಾಗ ಸಿಗುತ್ತದೆ. ಮೂವತ್ತು ಜನ ನೆಂಟರಿಗೋಸ್ಕರ ನಾನು ದುಡ್ಡು ಕೊಡೋನಲ್ಲ. `suttu` ಒಂದು ಸಾಲು ಮೇಲೆ ಬರೆದಿಟ್ಟು, ಫೈಲಿನಲ್ಲಿ ಬೇರೆ ಎಲ್ಲೂ ಬರೀ `%` ಬಳಸೋದನ್ನೇ ಬಿಟ್ಟಿದ್ದೀನಿ.

ಹೋದ ವಾರ ಅತ್ತೆ ಮತ್ತೆ ಫೋನ್ ಮಾಡಿದ್ದರು. ಅವರ ಮಗ 1996ರ ಜನವರಿಯವನು. ಪುಟದಲ್ಲಿ ಧಾತು ಅಂತ ಇದೆ, ಜಾತಕದಲ್ಲಿ ಯುವ ಅಂತ ಇದೆ. ಇದು `%` ತಪ್ಪಲ್ಲ, ನನ್ನದು. ಯುಗಾದಿಗೆ ಮುಂಚೆ ಹುಟ್ಟಿದವರಿಗೆ ಒಂದು ವರ್ಷ ಹಿಂದೆ ಹೋಗಬೇಕಿತ್ತು. ಅದಕ್ಕೀಗ ಪ್ರತಿ ವರ್ಷದ ಯುಗಾದಿ ತಾರೀಖು ಹುಡುಕುತ್ತಾ ಕೂತಿದ್ದೀನಿ.